ಲೆಕ್ಕ ಸರಿಯಿತ್ತು, ಡೋಸ್ ತಪ್ಪಿತ್ತು

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗದಗ ಕಡೆಯವಳು. ಜಿಎನ್‌ಎಂ ಮುಗಿಸಿ ಠಾಣೆಯ ಒಂದು ಆಸ್ಪತ್ರೆಗೆ ಸೇರಿದ್ದೇನೆ. ಈಗ ಎನ್‌ಐಸಿಯುಗೆ ಹಾಕಿದ್ದಾರೆ, ನೈಟ್ ಡ್ಯೂಟಿನೇ ಜಾಸ್ತಿ. ಇಲ್ಲಿ ಎಲ್ಲ ಡೋಸೂ ಪಾಯಿಂಟ್ ಲೆಕ್ಕದಲ್ಲೇ ಇರುತ್ತೆ. ಮೂರು ಸಲ ಲೆಕ್ಕ ಮಾಡಿ, ಇನ್ನೊಬ್ಬ ಸಿಸ್ಟರ್ ಹತ್ರ ಸೈನ್ ಹಾಕಿಸಿಕೊಂಡೇ ಕೊಡ್ತೀನಿ. ಆದ್ರೂ ಭಯ. ಡಾಕ್ಟರೇ ಪಾಯಿಂಟ್ ತಪ್ಪಾಗಿ ಬರೆದಿದ್ದರೆ ನನಗೆ ಗೊತ್ತಾಗೋದು ಹೇಗೆ? ರಾತ್ರಿ ಫೋನ್ ಮಾಡಿ ಕೇಳಿದರೆ ಬೈತಾರೆ. ಕೊಡೋ ಮೊದಲೇ ತಪ್ಪು ಸಿಕ್ಕಿ ಮಗುವಿಗೆ ಏನೂ ಆಗದಿದ್ದರೆ, ಅದನ್ನೂ ಬರೆದು ಕೊಡಬೇಕಾ? ಸೀನಿಯರ್‌ಗಳು ‘ಸುಮ್ನೆ ಯಾಕೆ’ ಅಂತಾರೆ.

ಉತ್ತರ: ಮೂರು ಸಲ ಅಲ್ಲ, ಮೂವತ್ತು ಸಲ ಲೆಕ್ಕ ಮಾಡಿದರೂ ಇಂಥ ತಪ್ಪು ನಿಮ್ಮ ಕೈಗೆ ಸಿಗುವುದಿಲ್ಲ. ಯಾಕೆಂದರೆ ನಿಮ್ಮ ಲೆಕ್ಕದಲ್ಲಿ ತಪ್ಪೇ ಇರುವುದಿಲ್ಲ. ಇದನ್ನು ಬರೀ ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಮುಂಬೈನ ಒಂದು ಆಸ್ಪತ್ರೆಯಲ್ಲಿ, ನಾನು ಮಕ್ಕಳ ವಿಭಾಗದ ಇನ್‌ಚಾರ್ಜ್ ಸಿಸ್ಟರ್ ಆಗಿದ್ದಾಗ ನಡೆದದ್ದನ್ನು ಕಥೆಯ ಹಾಗೆ ಹೇಳುತ್ತೇನೆ. ಆ ಸಿಸ್ಟರ್ ವಿಜಯಪುರ ಕಡೆಯವಳು. ಡೊಂಬಿವಲಿಯಿಂದ ಲೋಕಲ್ ಹಿಡಿದು ಡ್ಯೂಟಿಗೆ ಬರುತ್ತಿದ್ದಳು. ಹೆಸರು ಬೇಡ.

ಜುಲೈ ತಿಂಗಳು. ಇಡೀ ದಿನ ಮಳೆ ಸುರಿದು ಕುರ್ಲಾ ಹತ್ತಿರ ಹಳಿ ಮೇಲೆ ನೀರು ನಿಂತಿತ್ತು. ಲೋಕಲ್ ಬಂದ್. ರಾತ್ರಿ ಬರಬೇಕಿದ್ದ ರೆಸಿಡೆಂಟ್ ಡಾಕ್ಟರ್ ದಾರಿಯಲ್ಲೇ ಸಿಕ್ಕಿಬಿದ್ದಿದ್ದರು. ಹಿಂದಿನ ದಿನ ಬೆಳಿಗ್ಗೆಯಿಂದ ಡ್ಯೂಟಿಯಲ್ಲಿದ್ದ ಡಾಕ್ಟರೇ ರಾತ್ರಿಯನ್ನೂ ನೋಡಿಕೊಳ್ಳಬೇಕಾಯಿತು. ಅವರಿಗೆ ಈ ವಾರ್ಡಿನ ಮಕ್ಕಳು ಹೊಸಬರು. ರಾತ್ರಿ 11ರ ಹೊತ್ತಿಗೆ ಕೆಲವು ಮಕ್ಕಳ ಡ್ರಗ್ ಚಾರ್ಟ್ ತುಂಬಿಹೋಗಿತ್ತು. ಕೂತು ಹೊಸ ಹಾಳೆಗೆ ಇಳಿಸಿ ಬರೆದರು.

ಅದರಲ್ಲಿ ಒಂದು ಮಗು ಹುಟ್ಟಿ 20 ದಿನ ಆಗಿತ್ತು. ತೂಕ 3 ಕೆಜಿ. ಹೃದಯದಲ್ಲಿ ದೊಡ್ಡ ರಂಧ್ರ. ಹಾಲು ಕುಡಿಯುವಾಗ ಏದುಸಿರು ಬಂದು ಬೆವರುತ್ತಿತ್ತು. ಫ್ಯೂರೋಸೆಮೈಡ್ ಜೊತೆ ಡಿಗಾಕ್ಸಿನ್ ಸಿರಪ್ ನಡೆಯುತ್ತಿತ್ತು, ಬೆಳಿಗ್ಗೆ 6ಕ್ಕೆ ಒಮ್ಮೆ, ಸಂಜೆ 6ಕ್ಕೆ ಒಮ್ಮೆ. ಹಳೇ ಚಾರ್ಟ್‌ನಲ್ಲಿ 0.015 ಮಿಲಿಗ್ರಾಂ ಎಂದಿತ್ತು. ಹೊಸದರಲ್ಲಿ 0.15 ಆಯಿತು. ನಾವು ‘ಪಾಯಿಂಟ್ ತಪ್ಪಾಯಿತು’ ಅನ್ನುತ್ತೇವೆ, ಆದರೆ ಇಲ್ಲಿ ಪಾಯಿಂಟ್ ಇದ್ದಲ್ಲೇ ಇತ್ತು. ಅದರ ಪಕ್ಕದ ಒಂದು ಸೊನ್ನೆ ಬಿದ್ದುಹೋಗಿತ್ತು. ಡೋಸ್ ಹತ್ತು ಪಟ್ಟಾಯಿತು.

ಬೆಳಗಿನ ಜಾವ 5.40. ನೈಟ್ ಡ್ಯೂಟಿ ಮಾಡಿದವರಿಗೆಲ್ಲ ಗೊತ್ತು, ಕಣ್ಣು ತೆರೆದೇ ಇದ್ದರೂ ತಲೆ ಓಡದ ಹೊತ್ತು ಅದು. ಸಿಸ್ಟರ್ ಹೊಸ ಚಾರ್ಟ್ ನೋಡಿದಳು. ಸಿರಪ್ ಬಾಟಲಿಯ ಲೇಬಲ್ ನೋಡಿದಳು: 1 ಎಂಎಲ್‌ನಲ್ಲಿ 0.05 ಮಿಲಿಗ್ರಾಂ. 0.15ನ್ನು 0.05ರಿಂದ ಭಾಗಿಸಿದರೆ 3. ಹಾಗಾದರೆ 3 ಎಂಎಲ್. ಪಕ್ಕದಲ್ಲಿದ್ದ ಸಿಸ್ಟರನ್ನು ಕರೆದು, ‘ಇದು 3 ಎಂಎಲ್ ಅಲ್ವಾ?’ ಅಂದಳು. ಅವರು ಚಾರ್ಟ್ ನೋಡಿದರು, ಲೇಬಲ್ ನೋಡಿದರು, ‘ಹೌದು, 3’ ಅಂದು ಸೈನ್ ಹಾಕಿದರು.

ನಿಮ್ಮ ಭಯಕ್ಕೆ ಸಂಬಂಧಪಟ್ಟ ಜಾಗ ಇದೇ. ಇಬ್ಬರು ನೋಡಿದರು, ಇಬ್ಬರ ಲೆಕ್ಕವೂ ಸರಿ. ಮೂರನೆಯವರು ಬಂದಿದ್ದರೂ 3 ಎಂದೇ ಹೇಳುತ್ತಿದ್ದರು. ಎಲ್ಲರೂ ಹೊರಟಿದ್ದು ಒಂದೇ ಹಾಳೆಯಿಂದ. ಆ ಹಾಳೆಯೇ ತಪ್ಪಿದ್ದಾಗ ಸರಿಯಾದ ಲೆಕ್ಕ ನಿಮ್ಮನ್ನು ನೇರವಾಗಿ ತಪ್ಪು ಡೋಸಿಗೆ ಕರೆದೊಯ್ಯುತ್ತದೆ.

ಅವಳು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಿದಳು. 142. ಡಿಗಾಕ್ಸಿನ್ ಕೊಡುವ ಮೊದಲು ಹೀಗೆ ಎಣಿಸಲೇಬೇಕು. ಎಳೆ ಮಕ್ಕಳಲ್ಲಿ ಬಡಿತ ಸುಮಾರು 100ಕ್ಕಿಂತ ಕೆಳಗಿದ್ದರೆ ಔಷಧಿ ತಡೆದು ಡಾಕ್ಟರಿಗೆ ಹೇಳುತ್ತೇವೆ. ಎಷ್ಟಕ್ಕೆ ತಡೆಯಬೇಕು ಎಂಬುದನ್ನು ನಿಮ್ಮ ವಾರ್ಡಿನ ನಿಯಮದಲ್ಲಿ ನೋಡಿಕೊಳ್ಳಿ. 142 ಅಂದರೆ ಕೊಡಬಹುದು ಎಂದೇ ಅರ್ಥ. ಆದರೆ ಇಲ್ಲೊಂದು ಮೋಸ ಇದೆ, ಹೊಸಬರು ಬಹಳ ಜನ ಅದಕ್ಕೆ ಬೀಳುತ್ತಾರೆ. ನಾಡಿ ಹೇಳುವುದು ಈವರೆಗೆ ಹೊಟ್ಟೆಗೆ ಹೋಗಿರುವ ಔಷಧಿಯ ಬಗ್ಗೆ ಮಾತ್ರ. ನಿಮ್ಮ ಸಿರಿಂಜಿನಲ್ಲಿ ಇನ್ನೂ ಉಳಿದಿರುವುದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಹಾಗಾದರೆ ಅವಳಿಗೆ ಗೊತ್ತಾಗಿದ್ದು ಹೇಗೆ? ಸಿರಿಂಜಿನಿಂದ. ಹಿಂದಿನ ಎರಡು ರಾತ್ರಿಯೂ ಇದೇ ಮಗುವಿಗೆ ಅವಳೇ ಡಿಗಾಕ್ಸಿನ್ ಕೊಟ್ಟಿದ್ದಳು. ಟ್ರೇಯಲ್ಲಿ ಅಭ್ಯಾಸಬಲದಿಂದ ಇಟ್ಟುಕೊಂಡಿದ್ದು 1 ಎಂಎಲ್‌ನ ಬಾಯಿಗೆ ಹಾಕುವ ಸಿರಿಂಜ್. 3 ಎಂಎಲ್ ಅದರಲ್ಲಿ ಹಿಡಿಯಲಿಲ್ಲ. ಕಪಾಟಿಗೆ ಹೋಗಿ 5 ಎಂಎಲ್‌ನದು ತಂದಳು, ಎಳೆದುಕೊಂಡಳು. ಮಗುವಿನ ಹತ್ತಿರ ಬಂದು ಫೀಡಿಂಗ್ ಟ್ಯೂಬಿನ ಮುಚ್ಚಳ ಬಿಚ್ಚಿದ್ದಳು. ಆಗ ಕೈ ನಿಂತಿತು. ‘ನಿನ್ನೆ ಸಣ್ಣ ಸಿರಿಂಜ್ ಸಾಕಾಗಿತ್ತಲ್ಲ?’

ಟ್ಯೂಬ್ ಮುಚ್ಚಿ ವಾಪಸ್ ಹೋಗಿ ಬಾಟಲಿ ಎತ್ತಿ ನೋಡಿದಳು. 30 ಎಂಎಲ್‌ನ ಬಾಟಲಿ. ದಿನಕ್ಕೆ 0.6 ಎಂಎಲ್ ಖರ್ಚಾಗುತ್ತಿದ್ದಾಗ ಅದರ ಮಟ್ಟ ಇಳಿದದ್ದೇ ಕಾಣುತ್ತಿರಲಿಲ್ಲ. ಈಗ ಒಂದೇ ಸಲಕ್ಕೆ ಹತ್ತರಲ್ಲಿ ಒಂದು ಭಾಗ ಖಾಲಿ. ಹೀಗೇ ಆದರೆ ಬಾಟಲಿ ಐದು ದಿನವೂ ಬರುವುದಿಲ್ಲ.

ಸಂಶಯ ಬಂದ ಮೇಲೆ ಅವಳು ಮಾಡಿದ್ದು ಬಹಳ ಸರಿಯಾದ ಕೆಲಸ. ಚಾರ್ಟ್ ಪಕ್ಕಕ್ಕಿಟ್ಟಳು. ಮಗುವಿನ ತೂಕದಿಂದ ಶುರುಮಾಡಿದಳು. ಅವಧಿ ತುಂಬಿ ಹುಟ್ಟಿದ ಎಳೆಮಗುವಿಗೆ ಬಾಯಿಂದ ಕೊಡುವ ಡಿಗಾಕ್ಸಿನ್ ಸಾಮಾನ್ಯವಾಗಿ ದಿನಕ್ಕೆ ಒಂದು ಕೆಜಿಗೆ 8ರಿಂದ 10 ಮೈಕ್ರೋಗ್ರಾಂ. 10 ಎಂದೇ ಹಿಡಿಯೋಣ. 3 ಕೆಜಿಗೆ ದಿನಕ್ಕೆ 30 ಮೈಕ್ರೋಗ್ರಾಂ. ಎರಡು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 15. ಸಿರಪ್‌ನ 1 ಎಂಎಲ್‌ನಲ್ಲಿ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ ಇದೆ. 15 ಬೇಕಾದರೆ 0.3 ಎಂಎಲ್. ಸಿರಿಂಜಿನಲ್ಲಿ ಇದ್ದದ್ದು 3 ಎಂಎಲ್, ಅಂದರೆ 150 ಮೈಕ್ರೋಗ್ರಾಂ. ಕೆಜಿಗೆ 50.

ಈ 50 ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಹೀಗೆ ನೋಡಿ. ಡಿಗಾಕ್ಸಿನ್ ಶುರುಮಾಡುವಾಗ ಕೆಲವೊಮ್ಮೆ ಮೊದಲ ದಿನ ಜಾಸ್ತಿ ಪ್ರಮಾಣ ಕೊಡುತ್ತಾರೆ, ಅದನ್ನು ಲೋಡಿಂಗ್ ಅನ್ನುತ್ತೇವೆ. ಇಂಥ ಮಗುವಿಗೆ ಅದು ಒಟ್ಟು ಕೆಜಿಗೆ 25ರಿಂದ 35 ಮೈಕ್ರೋಗ್ರಾಂ. ಅದನ್ನೂ ಭಾಗ ಮಾಡಿ, ಗಂಟೆಗಟ್ಟಲೆ ಅಂತರ ಬಿಟ್ಟು, ಮಾನಿಟರ್ ನೋಡುತ್ತಾ ಕೊಡುತ್ತಾರೆ. ಇಲ್ಲಿ ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಹೋಗುತ್ತಿತ್ತು. ಈಗಾಗಲೇ ಔಷಧಿ ನಡೆಯುತ್ತಿರುವ ಮಗುವಿಗೆ. ಚಾರ್ಟ್ ಹಾಗೇ ಇದ್ದರೆ ಸಂಜೆ 6ಕ್ಕೆ ಇನ್ನೊಮ್ಮೆ.

ಬಾಯಿಂದ ಕೊಟ್ಟ ಡಿಗಾಕ್ಸಿನ್ ಪೂರ್ತಿ ಪರಿಣಾಮ ತೋರಿಸಲು ಕೆಲವು ಗಂಟೆ ಬೇಕು. ಹಾಗಾಗಿ ಬಡಿತ ನಿಧಾನವಾಗುವುದು, ತಾಳ ತಪ್ಪುವುದು, ವಾಂತಿ, ಹಾಲು ಬೇಡ ಅನ್ನುವುದು ಇವೆಲ್ಲ ಕಾಣುವ ಹೊತ್ತಿಗೆ ಅವಳು ಮನೆ ಸೇರಿರುತ್ತಿದ್ದಳು. ಎಳೆ ಮೂತ್ರಪಿಂಡ ಈ ಔಷಧಿಯನ್ನು ಬೇಗ ಹೊರಹಾಕುವುದಿಲ್ಲ. ಅರ್ಧ ಇಳಿಯುವುದಕ್ಕೇ ಒಂದೂವರೆ ದಿನದ ಮೇಲೆ ಬೇಕಾಗಬಹುದು. ಮಗುವಿಗೆ ಹೃದಯದ ಕಾಯಿಲೆ ಇದ್ದದ್ದರಿಂದ, ‘ಕಾಯಿಲೆಯೇ ಜಾಸ್ತಿಯಾಗಿದೆ’ ಅಂತ ಎಲ್ಲರೂ ಅಂದುಕೊಳ್ಳುವ ಸಾಧ್ಯತೆಯೂ ಇತ್ತು.

ಈಗ ಫೋನಿನ ವಿಷಯ. ಅವಳು ಡಾಕ್ಟರಿಗೆ ಫೋನ್ ಮಾಡಿ ಮೊದಲು ಕೇಳಿದ್ದು, ‘ಸರ್, ಈ ಮಗುವಿನ ಡಿಗಾಕ್ಸಿನ್ ಡೋಸ್ ಸರಿ ಇದೆಯಾ?’ ನಿದ್ದೆಗಣ್ಣಿನ ಡಾಕ್ಟರ್, ‘ಹೌದು ಸಿಸ್ಟರ್, ಚಾರ್ಟ್‌ನಲ್ಲಿ ಇರೋದನ್ನ ಕೊಡಿ’ ಅಂದು ಫೋನ್ ಇಟ್ಟರು. ಇಂಥ ಪ್ರಶ್ನೆಗೆ ಯಾವಾಗಲೂ ಇಂಥದ್ದೇ ಉತ್ತರ ಬರುತ್ತದೆ. ಅವರ ತಲೆಯಲ್ಲಿದ್ದದ್ದು ಸರಿಯಾದ ಡೋಸೇ, ಹಾಳೆಯ ಮೇಲೆ ಬೇರೆ ಬಿದ್ದಿದೆ ಅಂತ ಅವರಿಗೆ ಗೊತ್ತಿಲ್ಲ.

ಅವಳು ಇನ್ನೊಮ್ಮೆ ಫೋನ್ ಮಾಡಿದಳು. ಈ ಸಲ ಪ್ರಶ್ನೆ ಕೇಳಲಿಲ್ಲ. ‘ಸರ್, ಮಗು 3 ಕೆಜಿ. ನಿನ್ನೆವರೆಗೆ ಡಿಗಾಕ್ಸಿನ್ ಜೀರೋ ಪಾಯಿಂಟ್ ಜೀರೋ ಒನ್ ಫೈವ್ ಮಿಲಿಗ್ರಾಂ ಇತ್ತು. ರಾತ್ರಿ ಬರೆದ ಚಾರ್ಟ್‌ನಲ್ಲಿ ಜೀರೋ ಪಾಯಿಂಟ್ ಒನ್ ಫೈವ್ ಇದೆ. ಹತ್ತು ಪಟ್ಟು. ಕೆಜಿಗೆ 50 ಮೈಕ್ರೋಗ್ರಾಂ ಆಗುತ್ತೆ. ನಾನು ಕೊಟ್ಟಿಲ್ಲ, ಹಿಡಿದಿಟ್ಟಿದ್ದೀನಿ. ನೀವು ಬಂದು ನೋಡಬೇಕು.’ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಬಂದೆ’ ಅಂದರು. ಬಂದರು ಕೂಡ.

ಮುಂಬೈಯಲ್ಲಿ ಅಂಕಿಗಳನ್ನು ಒಂದೊಂದಾಗಿ ಹೇಳುವುದು ಇನ್ನೂ ಮುಖ್ಯ. ಸಿಸ್ಟರ್ ಕನ್ನಡದವಳು, ಪಕ್ಕದವಳು ಮಲಯಾಳಿ, ಡಾಕ್ಟರ್ ಮರಾಠಿ. ಎಲ್ಲರೂ ಹಿಂದಿ-ಇಂಗ್ಲಿಷ್ ಬೆರೆಸಿ ಮಾತಾಡುತ್ತಾರೆ. ಫೋನಿನಲ್ಲಿ ‘ಫಿಫ್ಟೀನ್’ ಯಾವುದು ‘ಫಿಫ್ಟಿ’ ಯಾವುದು ಅಂತ ಕಿವಿಗೆ ಗೊತ್ತಾಗುವುದಿಲ್ಲ. ‘ಒನ್ ಫೈವ್’ ಅಂದರೆ ಗೊಂದಲ ಇಲ್ಲ.

ಅವಳು ತಾನೇ ಒಂದು ಸೊನ್ನೆ ಸೇರಿಸಿ 0.3 ಎಂಎಲ್ ಕೊಟ್ಟುಬಿಡಬಹುದಿತ್ತಲ್ಲ ಅಂತ ನಿಮಗೆ ಅನಿಸಬಹುದು. ಬೇಡ. ಡಾಕ್ಟರ್ ಬರೆದ ಆರ್ಡರನ್ನು ನರ್ಸ್ ತಿದ್ದಬಾರದು, ನಿಮಗೆ ಎಷ್ಟೇ ಖಾತ್ರಿ ಇದ್ದರೂ. ಡಾಕ್ಟರ್ ಬಂದು ತಪ್ಪು ಸಾಲಿನ ಮೇಲೆ ಒಂದೇ ಗೆರೆ ಎಳೆದು, ಸಹಿ ಮತ್ತು ಸಮಯ ಹಾಕಿ, ಕೆಳಗೆ ಹೊಸದಾಗಿ ಬರೆದರು. ಹಳೆಯದು ಓದಲು ಬರುವ ಹಾಗೆಯೇ ಇರಬೇಕು, ಗೀಚಿ ಅಳಿಸಬಾರದು. 0.3 ಎಂಎಲ್ 6.35ಕ್ಕೆ ಹೋಯಿತು. ಡಿಗಾಕ್ಸಿನ್ ಅರ್ಧ ಗಂಟೆ ತಡವಾದರೆ ಏನೂ ಆಗುವುದಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ‘ಟೈಮ್ ಆಯ್ತು’ ಅನ್ನೋ ಒತ್ತಡದಲ್ಲೇ ಬಹಳ ಸಲ ಕೈ ಮುಂದೆ ಹೋಗುತ್ತದೆ. ಬಡಿತ ನಿಂತ ಮಗುವಿಗೆ ಕೊಡುವ ಅಡ್ರಿನಲಿನ್‌ನ ಮಾತು ಬೇರೆ. ಅಲ್ಲಿ ಕಾಯುವಂತಿಲ್ಲ. ಅದಕ್ಕೇ ಅಂಥ ಔಷಧಿಗಳ ಡೋಸನ್ನು ಡ್ಯೂಟಿ ಶುರುವಾಗುವಾಗಲೇ ಪ್ರತಿ ಮಗುವಿನ ತೂಕಕ್ಕೆ ಲೆಕ್ಕ ಹಾಕಿ ತೊಟ್ಟಿಲಿಗೆ ಅಂಟಿಸಿಡುತ್ತೇವೆ.

ಆಮೇಲೆ ಅವಳು ಇನ್ನೆರಡು ಕೆಲಸ ಮಾಡಿದಳು. ಅವಳನ್ನು ನಾನು ಮೆಚ್ಚಿದ್ದು ಅದಕ್ಕೇ. ಒಂದು, ಈ ಹೊಸ ಹಾಳೆ ನೋಡಿ ಯಾರಾದರೂ ಈಗಾಗಲೇ ಡೋಸ್ ಕೊಟ್ಟಿದ್ದಾರಾ ಅಂತ ನೋಡಿದಳು. ಸಂಜೆಯದು ಹಳೇ ಹಾಳೆಯಿಂದ ಹೋಗಿತ್ತು, ಪುಣ್ಯ. ಎರಡು, ಅದೇ ರಾತ್ರಿ ಅದೇ ಕೈ ಇಳಿಸಿ ಬರೆದ ಉಳಿದ ಮಕ್ಕಳ ಚಾರ್ಟ್‌ಗಳನ್ನೂ ಹಳೆಯದರ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿದಳು. ದಣಿದ ಕೈ ಒಂದು ಕಡೆ ಸೊನ್ನೆ ಬಿಟ್ಟಿದ್ದರೆ ಇನ್ನೊಂದು ಕಡೆಯೂ ಬಿಟ್ಟಿರಬಹುದು. ಅವತ್ತು ಇನ್ನೇನೂ ಸಿಗಲಿಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಅವಳಿಗೆ ಸಿರಿಂಜ್ ಸುಳಿವು ಕೊಟ್ಟಿತು ನಿಜ. ಆದರೆ ಅದನ್ನೇ ನಂಬಿ ಕೂರಬೇಡಿ. ಅದೇ ಮಗುವಿಗೆ ಇಂಜೆಕ್ಷನ್ ಬರೆದಿದ್ದರು ಅಂತ ಇಟ್ಟುಕೊಳ್ಳಿ. ಡಿಗಾಕ್ಸಿನ್ ಆಂಪೂಲ್ 2 ಎಂಎಲ್, ಅದರಲ್ಲಿ 0.5 ಮಿಲಿಗ್ರಾಂ. 0.15 ಮಿಲಿಗ್ರಾಂಗೆ ಎಳೆಯಬೇಕಾದ್ದು 0.6 ಎಂಎಲ್. ಅದು 1 ಎಂಎಲ್ ಸಿರಿಂಜಿನಲ್ಲಿ ಆರಾಮಾಗಿ ಹಿಡಿಯುತ್ತದೆ. ಆಂಪೂಲ್ ಅರ್ಧವೂ ಖಾಲಿಯಾಗುವುದಿಲ್ಲ. ನೋಡಿದವರಿಗೆ ಏನೂ ಅನುಮಾನ ಬರುವುದಿಲ್ಲ. ದೊಡ್ಡವರಿಗೆ ಹತ್ತು ಪಟ್ಟು ಕೊಡಬೇಕಾದರೆ ಸಾಮಾನ್ಯವಾಗಿ ಆಂಪೂಲ್ ಮೇಲೆ ಆಂಪೂಲ್ ಒಡೆಯಬೇಕು, ಅಲ್ಲೇ ತಡೆ ಬೀಳುತ್ತದೆ. ಎನ್‌ಐಸಿಯುನಲ್ಲಿ ಆ ತಡೆ ಇಲ್ಲ. ದೊಡ್ಡವರ ಒಂದೇ ಆಂಪೂಲಿನಲ್ಲಿ ಎಳೆಮಗುವಿನ ಹತ್ತಾರು ಡೋಸ್ ಇರುತ್ತದೆ.

ಹಾಗಾಗಿ ಪ್ರತಿ ಸಲ ಮಗುವಿನಿಂದ ಶುರುಮಾಡಿ. ಇವತ್ತಿನ ತೂಕ ಎಷ್ಟು, ಈ ಔಷಧಿ ಕೆಜಿಗೆ ಎಷ್ಟು, ಹಾಗಾದರೆ ಎಷ್ಟು ಬರಬೇಕು. ಇದನ್ನು ಚಾರ್ಟ್ ನೋಡುವ ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಚಾರ್ಟ್ ತೆಗೆಯಿರಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸರಿ. ಹತ್ತು ಪಟ್ಟು ವ್ಯತ್ಯಾಸ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ವಾರ್ಡಿನಲ್ಲಿ ಪದೇ ಪದೇ ಬಳಸುವ ಔಷಧಿಗಳು ಹೆಚ್ಚೆಂದರೆ ಹದಿನೈದು ಇರಬಹುದು. ಅವುಗಳ ಕೆಜಿ ಲೆಕ್ಕವನ್ನು ವಾರ್ಡಿನ ಪುಸ್ತಕದಿಂದ ಬರೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಿ. ನಾನು ಇಲ್ಲಿ ಕೊಟ್ಟ ಅಂಕಿ ಈ ಒಂದು ಮಗುವಿನದು. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಇನ್ನೂ ಕಡಿಮೆ.

ಇನ್ನೊಬ್ಬ ಸಿಸ್ಟರ್ ಸೈನ್ ಬಗ್ಗೆ ಒಂದು ಮಾತು. ‘ಇದು 3 ಎಂಎಲ್ ಅಲ್ವಾ?’ ಅಂತ ಕೇಳಿದ ಕ್ಷಣವೇ ಆ ಪರೀಕ್ಷೆ ಮುಗಿದುಹೋಯಿತು. ಅವರ ತಲೆಯಲ್ಲಿ 3 ಕೂತಾಯಿತು. ಅದರ ಬದಲು ತೂಕ, ಔಷಧಿ, ಬಾಟಲಿ ಮೂರನ್ನೂ ಕೊಟ್ಟು, ‘ಎಷ್ಟು ಎಳೆಯಬೇಕು ಅಂತ ನೀವೇ ಹೇಳಿ’ ಅನ್ನಿ. ನಿಮ್ಮ ಉತ್ತರ ಬಾಯಿಂದ ಬರಕೂಡದು. ಹೀಗೆ ಮಾಡಲು ಎರಡು ನಿಮಿಷ ಜಾಸ್ತಿ ಬೇಕು, ರಾತ್ರಿ ಅಷ್ಟು ಪುರುಸೊತ್ತು ಇರುವುದಿಲ್ಲ. ಎಲ್ಲ ಔಷಧಿಗೂ ಬೇಡ. ಡಿಗಾಕ್ಸಿನ್, ಮಾರ್ಫಿನ್, ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಇಂಥವಕ್ಕಾದರೂ ಬಿಡಬೇಡಿ. ಎಲ್ಲದಕ್ಕೂ ಸೈನ್ ಕೇಳಿದರೆ ಯಾವುದನ್ನೂ ಯಾರೂ ನೋಡುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು.

ಬರೆಯುವ ರೀತಿಯಲ್ಲೂ ಅರ್ಧ ತಪ್ಪು ತಪ್ಪಿಸಬಹುದು. 1.0 ಅಂತ ಬರೆದರೆ ಪಾಯಿಂಟ್ ಚಾರ್ಟಿನ ಗೆರೆ ಮೇಲೆ ಕೂತು 10 ಆಗುತ್ತದೆ. .5 ಅಂತ ಬರೆದರೆ 5 ಆಗುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲೇ ಹೀಗೆ ಬರೆಯಕೂಡದು ಅಂತ ಪಟ್ಟಿ ಮಾಡಿತು. ಪೂರ್ಣ ಅಂಕಿಯ ಬಲಕ್ಕೆ ಪಾಯಿಂಟ್ ಸೊನ್ನೆ ಬೇಡ, ಬರೀ ಪಾಯಿಂಟಿನಿಂದ ಶುರುವಾಗುವ ಅಂಕಿಗೆ ಪಾಯಿಂಟಿನ ಎಡಕ್ಕೆ ಸೊನ್ನೆ ಬೇಕೇ ಬೇಕು. ನಮ್ಮ ಕಥೆಯ ಡಾಕ್ಟರ್ ಈ ಎರಡೂ ನಿಯಮ ಪಾಲಿಸಿದ್ದರು, ಆದರೂ ತಪ್ಪಾಯಿತು. 0.015 ಅನ್ನೋ ಅಂಕಿಯೇ ಜಾರುವಂಥದ್ದು. ‘15 ಮೈಕ್ರೋಗ್ರಾಂ’ ಎಂದು ಪೂರ್ತಿ ಬರೆದಿದ್ದರೆ ಬೀಳಲು ಸೊನ್ನೆಯೇ ಇರುತ್ತಿರಲಿಲ್ಲ.

ಬರೆದು ಕೊಡಬೇಕಾ ಅಂತ ಕೇಳಿದ್ದೀರಿ. ಕೊಡಿ. ಸೀನಿಯರ್‌ಗಳ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ಕಡೆ ವರದಿ ಕೊಟ್ಟವರನ್ನೇ ಮೊದಲು ಕರೆದು ವಿಚಾರಿಸುತ್ತಾರೆ. ಹೊಸಬಳಾದ ನಿಮಗೆ ಅದರ ಬಿಸಿ ತಟ್ಟಬಹುದು. ಕೊಡದೇ ಇದ್ದರೆ ಏನಾಗುತ್ತದೆ ಅಂತಲೂ ನೋಡಿ. ಅವತ್ತು ಬೆಳಿಗ್ಗೆ ಅವಳು ನಿಯರ್ ಮಿಸ್ ಫಾರಂ ತುಂಬಿ ನನ್ನ ಕೈಗೆ ಕೊಟ್ಟಳು. ಅದರಲ್ಲಿ ಡಾಕ್ಟರನ್ನು ಬೈಯುವ ಒಂದು ಪದವೂ ಇರಲಿಲ್ಲ. ಹಳೇ ಡೋಸ್, ಹೊಸ ಡೋಸ್, ಎಷ್ಟು ಗಂಟೆಗೆ ಗೊತ್ತಾಯಿತು, ಹೇಗೆ ಗೊತ್ತಾಯಿತು, ಯಾರಿಗೆ ಹೇಳಿದೆ, ಆಮೇಲೆ ಎಷ್ಟು ಕೊಟ್ಟೆ, ಅಷ್ಟೇ. ಆ ಒಂದು ಫಾರಂ ಇದ್ದದ್ದಕ್ಕೆ ನಾವು ಮೂರು ಬದಲಾವಣೆ ಮಾಡಿಸಿಕೊಳ್ಳಲು ಆಯಿತು. ತುರ್ತು ಇಲ್ಲದಿದ್ದರೆ ರಾತ್ರಿ ಚಾರ್ಟ್ ಇಳಿಸಿ ಬರೆಯುವುದು ನಿಂತಿತು. ಚಾರ್ಟ್‌ನಲ್ಲಿ ತೂಕಕ್ಕೂ ಕೆಜಿ ಲೆಕ್ಕಕ್ಕೂ ಒಂದೊಂದು ಖಾನೆ ಬಂತು. ಡಿಗಾಕ್ಸಿನ್ ಬಾಟಲಿಗೆ 1 ಎಂಎಲ್ ಸಿರಿಂಜನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟೆವು. ಅದರಲ್ಲಿ ಹಿಡಿಯದ ಡೋಸ್ ಬಂದರೆ ಕೊಡುವ ಮೊದಲು ಫೋನ್ ಮಾಡಬೇಕು ಅಂತ ಲೇಬಲ್ ಮೇಲೆ ಬರೆದೆವು. ‘ಏನೂ ಆಗಿಲ್ವಲ್ಲ ಬಿಡು’ ಅಂದಿದ್ದರೆ ಈ ಮೂರೂ ಆಗುತ್ತಿರಲಿಲ್ಲ.

ನಿಮ್ಮ ಆಸ್ಪತ್ರೆಯಲ್ಲಿ ಅಂಥ ಫಾರಂ ಇಲ್ಲದಿದ್ದರೆ ಇನ್‌ಚಾರ್ಜ್ ಸಿಸ್ಟರಿಗೆ ಬರಹದಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ನರ್ಸಿಂಗ್ ನೋಟ್ಸ್‌ನಲ್ಲಿ ನಡೆದಷ್ಟನ್ನೇ ಬರೆಯಿರಿ: ಡೋಸ್ ಹಿಡಿದಿಟ್ಟಿದೆ, ಇಂಥ ಹೊತ್ತಿಗೆ ಡಾಕ್ಟರಿಗೆ ತಿಳಿಸಿದೆ, ಆರ್ಡರ್ ಬದಲಾಯಿತು, ಇಷ್ಟು ಕೊಟ್ಟಿದೆ. ಯಾರ ತಪ್ಪು ಅನ್ನೋದು ಅಲ್ಲಿ ಬೇಡ.

ಕೊನೆಗೆ, ಡಾಕ್ಟರ್ ಬೈದರೆ. ಬೈಯಲಿ. ಅಂಕಿ ಹೇಳಿ, ‘ನಾನು ಕೊಟ್ಟಿಲ್ಲ’ ಅನ್ನಿ. ಅವರು ‘ನಾನು ಹೇಳ್ತಿದ್ದೀನಿ, ಕೊಡಿ’ ಅಂದರೆ, ‘ಸರ್, ಕೆಜಿಗೆ 50 ಮೈಕ್ರೋಗ್ರಾಂ ನಾನು ಕೊಡಲಾರೆ, ನೀವು ಬಂದು ಮಗುವನ್ನು ನೋಡಿ’ ಅನ್ನಿ. ಬರದಿದ್ದರೆ ನೈಟ್ ಸೂಪರ್‌ವೈಸರಿಗೆ ಹೇಳಿ, ಅವರ ಮೂಲಕ ಕನ್ಸಲ್ಟೆಂಟಿಗೆ ಫೋನ್ ಹೋಗಲಿ. ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದಿರಿ ಅಂತ ಬರೆದಿಡಿ. ಎಳೆದುಕೊಂಡ ಸಿರಿಂಜಿಗೆ ‘ಕೊಡಬೇಡಿ’ ಅಂತ ಲೇಬಲ್ ಅಂಟಿಸಿ ಟ್ರೇಯಿಂದ ಬೇರೆ ಇಡಿ. ನೀವು ಫೋನಿನಲ್ಲಿ ಇರುವಾಗ ಇನ್ನೊಬ್ಬ ಸಿಸ್ಟರ್ ಸಹಾಯ ಮಾಡೋಣ ಅಂತ ಅದನ್ನೇ ಎತ್ತಿ ಕೊಟ್ಟುಬಿಡಬಹುದು.